ಮೊದಲ ವರ್ಷಗಳ ಕುಸಿತವೂ ಹಣ ತೆಗೆಯುವ ಪ್ರಮಾಣವೂ

ಪ್ರಶ್ನೆ: ದಾವಣಗೆರೆಯಲ್ಲಿದ್ದೇನೆ, 45ಕ್ಕೇ ನಿವೃತ್ತಿ. ಇಕ್ವಿಟಿ ಫಂಡ್‌ನಲ್ಲಿ 1 ಕೋಟಿ ಇದೆ. ಸರಾಸರಿ ಪ್ರತಿಫಲ ಚೆನ್ನಾಗಿದ್ದರೆ ವರ್ಷಕ್ಕೆ 5 ಲಕ್ಷ ತೆಗೆಯಬಹುದಲ್ಲವೇ?

ಸರಾಸರಿಯನ್ನಷ್ಟೇ ನಂಬುವಂತಿಲ್ಲ, ಹಣ ತೆಗೆಯುತ್ತಿರುವವರಿಗೆ ಪ್ರತಿಫಲ ಬರುವ ಕ್ರಮವೂ ಅಷ್ಟೇ ಮುಖ್ಯ. ನೀವು 5 ಲಕ್ಷ ತೆಗೆದ ಮೇಲೆ ಉಳಿದ 95 ಲಕ್ಷ ಮೊದಲ ವರ್ಷವೇ ಶೇ 30ರಷ್ಟು ಕುಸಿದರೆ ಕೈಯಲ್ಲಿ 66.5 ಲಕ್ಷ ಇರುತ್ತದೆ. ಮರುವರ್ಷ ತೆಗೆಯುವ ಅದೇ 5 ಲಕ್ಷ ಆಗ ಶೇ 7.5 ಆಗುತ್ತದೆ, ಅಗ್ಗದ ಬೆಲೆಗೆ ಮಾರಿದ ಯೂನಿಟ್‌ಗಳು ಮುಂದಿನ ಏರಿಕೆಯಲ್ಲಿ ನಿಮ್ಮೊಂದಿಗಿರುವುದಿಲ್ಲ. ಇದೇ ಕುಸಿತ, ಹಣ ಚೆನ್ನಾಗಿ ಬೆಳೆದ ನಂತರ 20ನೇ ವರ್ಷದಲ್ಲಿ ಬಂದರೆ ಪೆಟ್ಟು ಅಷ್ಟಿರದು.

ಮೊದಲ ವರ್ಷ ಒಟ್ಟು ಹಣದ ಶೇ 4 ತೆಗೆದು, ನಂತರ ಪ್ರತಿ ವರ್ಷ ಬೆಲೆಯೇರಿಕೆಗೆ ತಕ್ಕಂತೆ ಆ ಮೊತ್ತವನ್ನು ಹೆಚ್ಚಿಸುತ್ತ ಹೋಗಬಹುದೆಂದು ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಸೂಚಿಸಿದರು. ಎಲ್ಲೆಡೆ ಉಲ್ಲೇಖವಾಗುವ ಈ ಶೇ 4ರ ಪ್ರಮಾಣವು ಅಮೆರಿಕದ ಮಾರುಕಟ್ಟೆಯನ್ನೂ 30 ವರ್ಷಗಳ ಅವಧಿಯನ್ನೂ ಆಧರಿಸಿದ್ದು. ನಿಮಗೆ 40 ವರ್ಷ ಬೇಕಾಗಬಹುದು. ಆದ್ದರಿಂದ ಶೇ 3ರಿಂದ ಆರಂಭಿಸುವುದು ಮೇಲೆಂದು ನನ್ನ ಅಭಿಪ್ರಾಯ: ಅದೇ ಕುಸಿತದ ನಂತರವೂ 67.9 ಲಕ್ಷ ಉಳಿದು, 3 ಲಕ್ಷವು ಅದರ ಶೇ 4.4 ಮಾತ್ರ ಆಗುತ್ತದೆ. (ತಿಂಗಳಿಗೆ 25 ಸಾವಿರ ದಾವಣಗೆರೆಯಲ್ಲೂ ಸ್ವಂತ ಮನೆಯಿದ್ದವರಿಗಷ್ಟೇ ಸಾಕಾದೀತು.) ಎರಡು ವರ್ಷದ ಖರ್ಚನ್ನು ಎಫ್‌ಡಿಯಲ್ಲಿಟ್ಟರೆ ಕುಸಿತದಲ್ಲಿ ಯೂನಿಟ್ ಮಾರಬೇಕಾಗದು, ಆದರೆ ಕುಸಿತ ಅದಕ್ಕಿಂತ ದೀರ್ಘವಾದರೆ ಈ ರಕ್ಷಣೆ ಮುಗಿಯುತ್ತದೆ. ಪ್ರತಿ ಏಪ್ರಿಲ್‌ನಲ್ಲಿ, ತೆಗೆಯಬೇಕಾದ ಮೊತ್ತವು ಉಳಿದ ಹಣದ ಶೇ 4ನ್ನು ದಾಟಿದೆಯೇ ಎಂದು ನೋಡಿ. ದಾಟಿದ್ದರೆ ಆ ವರ್ಷ ಬೆಲೆಯೇರಿಕೆಗೆ ತಕ್ಕ ಹೆಚ್ಚಳವನ್ನು ಬಿಟ್ಟುಬಿಡಿ.