ಧ್ರುವದ ಹತ್ತಿರ ತಿಂಗಳುಗಟ್ಟಲೆ ಹಗಲು, ತಿಂಗಳುಗಟ್ಟಲೆ ಕತ್ತಲೆ ಯಾಕೆ?

"ಆರ್ಕ್ಟಿಕ್ ವೃತ್ತ ಸರಿಯಾಗಿ ಎಲ್ಲಿದೆ? ನಾರ್ವೆಯ ಟ್ರೋಮ್ಸೋದಲ್ಲಿ ಡಿಸೆಂಬರಿನಲ್ಲಿ ದಿನವಿಡೀ ಕಗ್ಗತ್ತಲೆಯೇ?"

ಕಾರಣ ಭೂಮಿಯ ಅಕ್ಷದ ಓರೆ, ಸೂರ್ಯನಿಂದ ಇರುವ ದೂರವಲ್ಲ. ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ, ವರ್ಷವಿಡೀ ಒಂದೇ ದಿಕ್ಕಿಗೆ ಮುಖ ಮಾಡಿರುತ್ತದೆ. ಹಾಗಾಗಿ ಜೂನ್‌ನಲ್ಲಿ ಉತ್ತರ ಧ್ರುವ ಸೂರ್ಯನ ಕಡೆಗೆ ಬಾಗಿರುತ್ತದೆ, ಡಿಸೆಂಬರಿನಲ್ಲಿ ಅದರಿಂದಾಚೆಗೆ. ಭೂಮಿ ಎಷ್ಟು ಸುತ್ತಿದರೂ ಆ ಭಾಗ ಬೆಳಕಿನಿಂದ, ಅಥವಾ ನೆರಳಿನಿಂದ, ಹೊರಗೆ ಬರುವುದೇ ಇಲ್ಲ.

ವರ್ಷದಲ್ಲಿ ಒಂದು ದಿನವಾದರೂ ಸೂರ್ಯ ಮುಳುಗದ, ಒಂದು ದಿನವಾದರೂ ಹುಟ್ಟದ ಪ್ರದೇಶದ ಗಡಿಯೇ ಈ ವೃತ್ತ. ಅದು ಎಲ್ಲಿದೆ ಎಂದು ತಿಳಿಯಲು 90ರಿಂದ 23.4 ಕಳೆಯಿರಿ: 66.6 ಡಿಗ್ರಿ. ಉತ್ತರಕ್ಕೆ ಆರ್ಕ್ಟಿಕ್ ವೃತ್ತ, ದಕ್ಷಿಣಕ್ಕೆ ಅಷ್ಟೇ ಅಕ್ಷಾಂಶದಲ್ಲಿ ಅಂಟಾರ್ಕ್ಟಿಕ್ ವೃತ್ತ. ಅಲ್ಲಿ ಋತುಗಳು ತಿರುವುಮುರುವು.

ಇನ್ನು ಟ್ರೋಮ್ಸೋ. ಅದರ ಅಕ್ಷಾಂಶ ಸುಮಾರು 69.6. ಇದನ್ನು 90ರಿಂದ ಕಳೆದರೆ 20.4 ಉಳಿಯುತ್ತದೆ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ಬರುವುದು ದಕ್ಷಿಣದ 23.4 ಡಿಗ್ರಿಯಲ್ಲಿ, ಆದ್ದರಿಂದ ಅದನ್ನೂ ಕಳೆಯಿರಿ: ಮೈನಸ್ 3. ಅಂದರೆ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 3 ಡಿಗ್ರಿ ಕೆಳಗೇ ಇರುತ್ತಾನೆ. ಹುಟ್ಟುವುದಿಲ್ಲ ನಿಜ, ಆದರೆ ಕಗ್ಗತ್ತಲೆಯಲ್ಲ. 6 ಡಿಗ್ರಿ ಕೆಳಗಿಳಿಯುವವರೆಗೂ ಮುಸ್ಸಂಜೆಯಂಥ ಬೆಳಕಿರುತ್ತದೆ, ಮೋಡವಿಲ್ಲದಿದ್ದರೆ ಮಧ್ಯಾಹ್ನದ ಆಸುಪಾಸು ಕೆಲವು ಗಂಟೆ ಹೊರಗೆ ಆರಾಮಾಗಿ ಓಡಾಡಬಹುದು. ತಿಂಗಳುಗಟ್ಟಲೆ ನಿಜವಾದ ಕತ್ತಲೆ ಬೇಕಿದ್ದರೆ ಧ್ರುವದ ಇನ್ನೂ ಹತ್ತಿರ ಹೋಗಬೇಕು.

ಈ ಲೆಕ್ಕ ವೃತ್ತದ ಅಂಚಿನಲ್ಲಿ ಸ್ವಲ್ಪ ತಪ್ಪುತ್ತದೆ. ಗಾಳಿ ಬೆಳಕನ್ನು ಬಾಗಿಸುತ್ತದೆ, ಸೂರ್ಯನ ಮೇಲಂಚು ಕಂಡರೂ ಹಗಲೆಂದೇ ಎಣಿಕೆ. ಎರಡೂ ಸೇರಿ ಸುಮಾರು 0.8 ಡಿಗ್ರಿ. ಹೀಗಾಗಿ ಸರಿಯಾಗಿ ವೃತ್ತದ ಮೇಲೆ ನಿಂತವರಿಗೆ ಡಿಸೆಂಬರಿನಲ್ಲೂ ಮಧ್ಯಾಹ್ನ ಸೂರ್ಯನ ಅಂಚು ಕಾಣಬಹುದು, ಎದುರಿಗೆ ಬೆಟ್ಟ ಇರಬಾರದಷ್ಟೆ.