ಝೀನರ್‌ಗೆ ಲೋಡ್ ಹಚ್ಚಿದ ಕೂಡಲೇ ವೋಲ್ಟೇಜ್ ಯಾಕೆ ಬೀಳುತ್ತದೆ?

*"ತಿಕೋಟಾ ಹತ್ರ ನಮ್ಮ ದ್ರಾಕ್ಷಿ ತೋಟದಾಗ 12 ವೋಲ್ಟ್ ಸೋಲಾರ್ ಬ್ಯಾಟರಿ ಅದ. ಅದರಿಂದ ಟ್ಯಾಂಕಿನ ನೀರಿನ ಮಟ್ಟ ತೋರಿಸೋ ಸಣ್ಣ ಸರ್ಕೀಟ್ ನಡಸಬೇಕಂತ 5.1 ವೋಲ್ಟ್ ಝೀನರ್, 1 ಕಿಲೋಓಮ್ ರೆಸಿಸ್ಟರ್ ಹಾಕೀನ್ರಿ. ಖಾಲಿ ಇದ್ದಾಗ 5 ವೋಲ್ಟ್ ಬರತದ, ಸರ್ಕೀಟ್ ಹಚ್ಚಿದ ಕೂಡ್ಲೇ ಎರಡೂವರೆಗೆ ಇಳೀತದ. ಸರ್ಕೀಟಿಗೆ 20 ಮಿಲಿಆಂಪ್ ಬೇಕು. ಝೀನರ್ ಕೆಟ್ಟದೇನ್ರಿ?"*

ಝೀನರ್ ಕೆಟ್ಟಿಲ್ಲರಿ. ಲೋಡ್ ಹಚ್ಚಿದಾಗ ಅದಕ್ಕೆ ಕರೆಂಟೇ ಉಳಿಯುತ್ತಿಲ್ಲ. ಅನುಮಾನ ಇದ್ದರೆ ಸರ್ಕೀಟ್ ಹಚ್ಚಿಕೊಂಡೇ ಝೀನರಿನ ಒಂದು ಕಾಲು ಬಿಚ್ಚಿ ಮೀಟರ್ ನೋಡ್ರಿ. ಆಗಲೂ ಅದೇ ಎರಡೂವರೆ ವೋಲ್ಟ್ ತೋರಿಸಿದರೆ, ಝೀನರ್ ಇದ್ದರೂ ಇಲ್ಲದಿದ್ದರೂ ಒಂದೇ ಆಗಿತ್ತು ಎಂದು ಅರ್ಥ. ವಿಜಯಪುರದಲ್ಲಿ ಪಂಪ್ ಪ್ಯಾನೆಲ್, ಸೋಲಾರ್ ಬೋರ್ಡ್ ರಿಪೇರಿಗೆ ಬಂದಾಗ ನಾನು ಮೊದಲು ಮಾಡುವ ಪರೀಕ್ಷೆ ಇದೇ.

ಲೆಕ್ಕ ನೋಡಿ. ತುಂಬಿದ ಬ್ಯಾಟರಿ 12.6 ವೋಲ್ಟ್, ಝೀನರ್ 5.1. ಮಧ್ಯದ 7.5 ವೋಲ್ಟ್ 1 ಕಿಲೋಓಮ್ ಮೇಲೆ ಬಿದ್ದರೆ ಹರಿಯುವುದು 7.5 ಮಿಲಿಆಂಪ್ ಮಾತ್ರ. ನಿಮ್ಮ ಸರ್ಕೀಟ್ ಕೇಳುವುದು 20. ಇಲ್ಲದ್ದನ್ನು ಎಲ್ಲಿಂದ ತರಬೇಕು? 5.1 ವೋಲ್ಟಿಗೆ 20 ಮಿಲಿಆಂಪ್ ಎಳೆಯುವ ಸರ್ಕೀಟ್ ಸುಮಾರು 255 ಓಮ್ ರೆಸಿಸ್ಟರ್ ಇದ್ದ ಹಾಗೆ. 1000 ಮತ್ತು 255 ಓಮ್ ಸರಣಿಯಲ್ಲಿ ಕೂತು 12.6 ವೋಲ್ಟನ್ನು ಹಂಚಿಕೊಂಡರೆ ಕೆಳಗಿನದಕ್ಕೆ ಬರುವುದು 2.56 ವೋಲ್ಟ್. ನಿಮ್ಮ ಮೀಟರ್ ತೋರಿಸಿದ್ದು ಅದನ್ನೇ. ಅಷ್ಟು ಕಡಿಮೆ ವೋಲ್ಟೇಜಿಗೆ ಝೀನರ್ ಬ್ರೇಕ್‌ಡೌನ್‌ಗೆ ಹೋಗುವುದೇ ಇಲ್ಲ, ಕರೆಂಟ್ ಹರಿಸದೆ ಸುಮ್ಮನೆ ಕೂತಿರುತ್ತದೆ.

ಈ ರೆಗ್ಯುಲೇಟರಿನಲ್ಲಿ ಕಣ್ಣಿಡಬೇಕಾದ್ದು ಝೀನರಿನೊಳಗೆ ಎಷ್ಟು ಕರೆಂಟ್ ಉಳಿದಿದೆ ಎಂಬುದರ ಮೇಲೆ. ರೆಸಿಸ್ಟರ್ ಒಳಗೆ ಬಿಟ್ಟ ಕರೆಂಟಿನಲ್ಲಿ ಲೋಡ್ ತನ್ನ ಪಾಲು ತೆಗೆದುಕೊಂಡ ಮೇಲೆ ಉಳಿದದ್ದು ಝೀನರಿಗೆ. ಉಳಿದದ್ದು ತೀರಾ ಕಡಿಮೆಯಾದರೆ ವೋಲ್ಟೇಜ್ ಜಾರುತ್ತದೆ, ತೀರಾ ಹೆಚ್ಚಾದರೆ ಝೀನರ್ ಸುಡುತ್ತದೆ. ಹಾಗಾಗಿ ರೆಸಿಸ್ಟರನ್ನು ಅತಿ ಕೆಟ್ಟ ಸ್ಥಿತಿಗೆ ಆರಿಸಬೇಕು: ಬ್ಯಾಟರಿ ಅತಿ ಕಡಿಮೆ, ಲೋಡ್ ಅತಿ ಹೆಚ್ಚು.

```
R = (Vin_min − Vz) / (IL_max + Iz_min)
  = (11 − 5.1) / (20 mA + 5 mA) = 236 ohm
```

ಬ್ಯಾಟರಿ ಇಳಿದಾಗ 11 ವೋಲ್ಟ್ ಎಂದು ಹಿಡಿದಿದ್ದೇನೆ. ಝೀನರಿಗೆ ಕನಿಷ್ಠ 5 ಮಿಲಿಆಂಪ್ ಬಿಟ್ಟದ್ದು ನನ್ನ ಲೆಕ್ಕ. ಅಂಗಡಿಯಲ್ಲಿ 1 ವಾಟ್ 5.1 ವೋಲ್ಟ್ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವುದು 1N4733A. ಅದರ ಡೇಟಾಶೀಟಿನಲ್ಲಿ 5.1 ವೋಲ್ಟ್ ಎಂದು ಬರೆದಿರುವುದು 49 ಮಿಲಿಆಂಪ್ ಹರಿಯುವಾಗಿನ ಮಾತು. ಅಲ್ಲಿ ಅದರ ಒಳ ರೆಸಿಸ್ಟನ್ಸ್ 7 ಓಮ್. ಅದೇ 1 ಮಿಲಿಆಂಪಿಗೆ ಇಳಿದರೆ 550 ಓಮ್ ತನಕ ಏರಬಹುದು. 1 ಮಿಲಿಆಂಪ್ ಸಾಕು ಎಂದು ಬರೆದ ಸರ್ಕೀಟುಗಳೂ ಕಾಣಸಿಗುತ್ತವೆ, ನಾನು ನಂಬುವುದಿಲ್ಲ.

236ಕ್ಕಿಂತ ಕೆಳಗೆ ಸುಲಭವಾಗಿ ಸಿಗುವ ಬೆಲೆ 220 ಓಮ್, ಅದನ್ನೇ ಹಾಕಿ. ಮೇಲಕ್ಕೆ ಹೋಗಿ 270 ಹಾಕಿದರೆ, ಬ್ಯಾಟರಿ 11ಕ್ಕೆ ಇಳಿದಾಗ ಝೀನರಿಗೆ 2 ಮಿಲಿಆಂಪೂ ಉಳಿಯುವುದಿಲ್ಲ.

ಈಗ ಇನ್ನೊಂದು ತುದಿ. ಬೇಸಿಗೆಯ ಮಧ್ಯಾಹ್ನ ಚಾರ್ಜ್ ಆಗುತ್ತಿರುವ ಬ್ಯಾಟರಿ 14.4 ತನಕ ಹೋಗುತ್ತದೆ. ಅದೇ ಹೊತ್ತಿಗೆ ಸರ್ಕೀಟಿನ ವೈರ್ ಕಿತ್ತು ಬಂತು ಎನ್ನಿ. 9.3 ವೋಲ್ಟನ್ನು 220ರಿಂದ ಭಾಗಿಸಿದರೆ 42 ಮಿಲಿಆಂಪ್, ಪೂರ್ತಿ ಝೀನರಿನ ತಲೆಗೆ. ಅಂದರೆ 0.22 ವಾಟ್, 1 ವಾಟಿನ ಝೀನರಿಗೆ ಇದು ಲೆಕ್ಕಕ್ಕಿಲ್ಲ, ನಮ್ಮ ಕಡೆಯ ಬಿಸಿಲಿಗೆ ಮುಚ್ಚಿದ ಡಬ್ಬಿಯಲ್ಲಿಟ್ಟರೂ ತಡೆಯುತ್ತದೆ. ಹೆಚ್ಚು ಕಾಯುವುದು ರೆಸಿಸ್ಟರ್: 0.39 ವಾಟ್. ಕಾಲು ವಾಟಿನದು ಕಪ್ಪಾಗುತ್ತದೆ, ಅರ್ಧ ವಾಟಿನದು ಮುಟ್ಟಲಾಗದಷ್ಟು ಬಿಸಿ.

ನಾನಾದರೆ 2 ವಾಟಿನದೇ ಹಾಕುತ್ತೇನೆ, ಅದಕ್ಕೆ ಕಾರಣ ಇದೆ. ಬ್ಯಾಟರಿಯ ಟರ್ಮಿನಲ್ ಸಡಿಲಾದರೆ ಕೆಲವು ಅಗ್ಗದ ಚಾರ್ಜ್ ಕಂಟ್ರೋಲರುಗಳು ಪ್ಯಾನೆಲಿನ ವೋಲ್ಟೇಜನ್ನು ಹಾಗೇ ಲೋಡಿನ ಕಡೆ ಬಿಟ್ಟುಬಿಡುತ್ತವೆ. 36 ಸೆಲ್ಲಿನ "12 ವೋಲ್ಟ್" ಪ್ಯಾನೆಲ್ ಖಾಲಿ ಇದ್ದಾಗ 21–22 ವೋಲ್ಟ್ ಕೊಡುತ್ತದೆ. 22ರ ಲೆಕ್ಕದಲ್ಲಿ ರೆಸಿಸ್ಟರ್ ಮೇಲೆ 1.3 ವಾಟ್, ಝೀನರ್ ಮೇಲೆ 0.39 ವಾಟ್ ಬೀಳುತ್ತದೆ. 2 ವಾಟಿನ ರೆಸಿಸ್ಟರ್ ಇದ್ದರೆ ಎರಡೂ ಉಳಿಯುತ್ತವೆ. ಬೋರ್ಡಿಗೆ ತಾಗಿಸದೆ ಸ್ವಲ್ಪ ಎತ್ತರಿಸಿ ಬೆಸುಗೆ ಹಾಕಿ.

"ಇನ್ನೂ ಗಟ್ಟಿ ಇರಲಿ" ಎಂದು 47 ಓಮ್ ಹಾಕಿದವರನ್ನೂ ನೋಡಿದ್ದೇನೆ. ಹಾಗೆ ಮಾಡಿದರೆ 14.4 ವೋಲ್ಟಿಗೆ ಸುಮಾರು 198 ಮಿಲಿಆಂಪ್ ಹರಿದು, ಲೋಡ್ ಇಲ್ಲದಾಗ ಝೀನರ್ ತನ್ನ 1 ವಾಟಿನ ಮಿತಿಯನ್ನೇ ದಾಟುತ್ತದೆ. ಅತಿಯಾಗಿ ಕಾದ ಝೀನರ್ ಸಾಮಾನ್ಯವಾಗಿ ಶಾರ್ಟ್ ಆಗುತ್ತದೆ. ಔಟ್‌ಪುಟ್ ಸೊನ್ನೆಗೆ ಹೋದರೆ ಅಲ್ಲಿ ಹುಡುಕಿ. ಓಪನ್ ಆದರೆ ಅದಕ್ಕಿಂತ ಅಪಾಯ, 220 ಓಮ್ ಇದ್ದರೂ ಸರ್ಕೀಟಿಗೆ 5ರ ಬದಲು ಏಳೆಂಟು ವೋಲ್ಟ್ ನುಗ್ಗುತ್ತದೆ, 47 ಇದ್ದರೆ ಇನ್ನೂ ಹೆಚ್ಚು.

220 ಹಾಕಿದ ಮೇಲೂ ಮೀಟರಿನಲ್ಲಿ 5.10 ಎಂದು ಗೆರೆ ಎಳೆದ ಹಾಗೆ ನಿಲ್ಲುವುದಿಲ್ಲ, ಅದಕ್ಕೆ ಗಾಬರಿಯಾಗಬೇಡಿ. ಈ ಓಡಾಟಕ್ಕೂ ಝೀನರಿನ ಕರೆಂಟೇ ಕಾರಣ. ಒಳ ರೆಸಿಸ್ಟನ್ಸ್ ಸರಾಸರಿ 10 ಓಮ್ ಎಂದುಕೊಳ್ಳಿ. ಲೋಡ್ ಹಾಗೇ ಇದ್ದು ಬ್ಯಾಟರಿ 11ರಿಂದ 14.4ಕ್ಕೆ ಏರಿದರೆ ಝೀನರಿನಲ್ಲಿ ಸುಮಾರು 15 ಮಿಲಿಆಂಪ್ ಹೆಚ್ಚಾಗುತ್ತದೆ, ಔಟ್‌ಪುಟ್ 0.15 ವೋಲ್ಟ್ ಏರುತ್ತದೆ. ಇದು ಲೈನ್ ರೆಗ್ಯುಲೇಶನ್: ಒಳಗಿನ 3.4 ವೋಲ್ಟ್ ಏರಿಳಿತ ಹೊರಗೆ 0.15ಕ್ಕೆ ಕುಗ್ಗಿತು. ಬ್ಯಾಟರಿ ಹಾಗೇ ಇದ್ದು ನೀವು 20 ಮಿಲಿಆಂಪ್ ಲೋಡ್ ಹಚ್ಚಿದರೆ ಝೀನರಿನಿಂದ ಅಷ್ಟೇ ಕರೆಂಟ್ ಕಡಿಮೆಯಾಗಿ ಔಟ್‌ಪುಟ್ 0.2 ವೋಲ್ಟ್ ಇಳಿಯುತ್ತದೆ. ಇದು ಲೋಡ್ ರೆಗ್ಯುಲೇಶನ್. ಬ್ಯಾಟರಿ ಇಳಿದು ಝೀನರಿನ ಕರೆಂಟ್ ಒಂದಂಕಿಗೆ ಬಂದಾಗ ಇಳಿತ ಇದಕ್ಕಿಂತ ಜಾಸ್ತಿಯೇ ಇರುತ್ತದೆ. ಇದರ ಮೇಲೆ ಝೀನರಿನ ತಯಾರಿಕೆಯಲ್ಲೇ 5 ಶೇಕಡಾ ಹೆಚ್ಚುಕಡಿಮೆ ಇದೆ, ಅಂದರೆ 4.85ರಿಂದ 5.35ರ ನಡುವೆ ಎಲ್ಲಿ ಬಂದರೂ ಅದು ಒಳ್ಳೆಯ ಮಾಲೇ.

ಒಂದು ವಿಚಿತ್ರ ಇಲ್ಲಿದೆ. ಲೈನ್ ರೆಗ್ಯುಲೇಶನ್ ಒಂದನ್ನೇ ನೋಡಿದರೆ ನಿಮ್ಮ 1 ಕಿಲೋಓಮೇ ಚಲೋ, ಯಾಕೆಂದರೆ ರೆಸಿಸ್ಟರ್ ದೊಡ್ಡದಾದಷ್ಟೂ ಬ್ಯಾಟರಿಯ ಏರಿಳಿತ ಝೀನರಿಗೆ ಕಡಿಮೆ ತಾಗುತ್ತದೆ. ಲೋಡ್ ಹೊರುವ ಶಕ್ತಿ ಬೇಕೆಂದರೆ ಅದನ್ನು ಚಿಕ್ಕದು ಮಾಡಲೇಬೇಕು. ಹಾಗಾಗಿ 236ರ ಕೆಳಗೆ ಸಿಗುವ ಮೊದಲ ಬೆಲೆಗೇ ನಿಲ್ಲಿ, ಇನ್ನೂ ಕೆಳಗೆ ಇಳಿಯಬೇಡಿ.

ಜೋಡಿಸಿದ ಮೇಲೆ ರೆಸಿಸ್ಟರಿನ ಎರಡೂ ತುದಿಗೆ ಮೀಟರ್ ಹಿಡಿದು ವೋಲ್ಟ್ ನೋಡಿ, 220ರಿಂದ ಭಾಗಿಸಿ, ಅದರಲ್ಲಿ ಲೋಡಿನ 20 ಮಿಲಿಆಂಪ್ ಕಳೆಯಿರಿ. 12.6 ವೋಲ್ಟ್ ಬ್ಯಾಟರಿಗೆ ಸುಮಾರು 14 ಮಿಲಿಆಂಪ್ ಉಳಿದರೆ ಸರಿ ಇದೆ.

ಈ ಸರ್ಕೀಟ್ ಕೆಲಸ ಇರಲಿ ಬಿಡಲಿ ಬ್ಯಾಟರಿಯಿಂದ 34 ಮಿಲಿಆಂಪ್ ಎಳೆಯುತ್ತಲೇ ಇರುತ್ತದೆ, ದಿನಕ್ಕೆ ಸುಮಾರು 0.8 ಆಂಪಿಯರ್-ಅವರ್. ನಿಮ್ಮದು 7 ಆಂಪಿಯರ್-ಅವರಿನ ಸಣ್ಣ ಬ್ಯಾಟರಿ ಆಗಿದ್ದರೆ ಮೋಡ ಕವಿದ ವಾರದಲ್ಲಿ ಅದನ್ನು ಬಹುಪಾಲು ತಿಂದುಹಾಕುತ್ತದೆ. ರೆಸಿಸ್ಟರಿಗಿಂತ ಮುಂಚೆ ಒಂದು ಪುಶ್ ಬಟನ್ ಹಾಕಿ, ನೀರು ನೋಡುವಾಗ ಮಾತ್ರ ಒತ್ತಿ. ಮುಂದೆ ಇದಕ್ಕೇ ರಿಲೇ ಅಥವಾ ವೈಫೈ ಬೋರ್ಡ್ ಸೇರಿಸುವ ಯೋಚನೆ ಇದ್ದರೆ ಝೀನರ್ ಬಿಡಿ, 5 ವೋಲ್ಟಿನ ಬಕ್ ಕನ್ವರ್ಟರ್ ತಂದು ಹಾಕಿ.