ಹನ್ನೊಂದು ಪದಗಳ ತಂತಿ

“ನಮಸ್ಕಾರ. ಕಥೆ ಕಳಿಸಿದ್ದೇನೆ. ಅಂಚೆ ಕಚೇರಿಯಲ್ಲಿ ಕ್ಲರ್ಕ್ ಆಗಿರುವ ಹುಡುಗಿಗೆ ತಾತನ ಟ್ರಂಕಿನಲ್ಲಿ ಮಾಸಿಹೋದ ಟೆಲಿಗ್ರಾಂ ಸಿಗುತ್ತದೆ. ಅದನ್ನು ಓದಿದಾಗ, ತಾತ ತನ್ನ ತಾಯಿ ಸಾಯುವಾಗ ಯಾಕೆ ಹೋಗಲಿಲ್ಲ ಅಂತ ತಿಳಿಯುತ್ತದೆ. ಕಥೆ ಎರಡು ಕಡೆಯಿಂದ ವಾಪಸ್ ಬಂದಿದೆ. ಎಲ್ಲಿ ಎಡವಿದ್ದೇನೆ, ಮುಚ್ಚಿಡದೆ ಹೇಳಿ.”

ಕೊನೆ ಚೆನ್ನಾಗಿದೆ. ಅಲ್ಲಿಗೆ ಹೋಗುವ ದಾರಿಯನ್ನು ನಾನು ನಂಬಲಿಲ್ಲ.

ನಿಮ್ಮ ಹುಡುಗಿ ಕಾಗದಕ್ಕೆ ನೀರು ಚಿಮುಕಿಸುತ್ತಾಳೆ, ಅಕ್ಷರಗಳು ಎದ್ದು ಬರುತ್ತವೆ. ಹಾಗೆ ಆಗುವುದಿಲ್ಲ. ಕೈಯಲ್ಲಿ ಬರೆದ ತಂತಿಗಳಲ್ಲಿ ಬಣ್ಣ ಬೆರೆತ ಪೆನ್ಸಿಲ್ ಬಳಸಿದ್ದೂ ಉಂಟು. ಅದರ ಮೇಲೆ ನೀರು ಬಿದ್ದರೆ ನೇರಳೆ ಕಲೆ ಹರಡಿ, ಇದ್ದದ್ದೂ ಹೋಗುತ್ತದೆ. ಕೋಣೆ ಕತ್ತಲು ಮಾಡಿ ಟಾರ್ಚನ್ನು ಕಾಗದದ ಪಕ್ಕದಿಂದ ಓರೆಯಾಗಿ ಹಿಡಿಯಲಿ. ಪೆನ್ಸಿಲ್ ಒತ್ತಿದ ಗುರುತು ನೆರಳಾಗಿ ಕಾಣುತ್ತದೆ. ಎಲ್ಲವೂ ಕಾಣುವುದಿಲ್ಲ, ಕೆಲವು ಪದ ಮಾತ್ರ. ಕಥೆಗೆ ಬೇಕಾದದ್ದೂ ಅಷ್ಟೇ.

ಇನ್ನೊಂದು, ಅವಳು ಕ್ಲರ್ಕ್ ಆಗಿರುವುದರಿಂದ ನಿಮಗೇನು ಲಾಭ? ಈಗಿನ ಹುಡುಗಿ ತಂತಿಯನ್ನು ಕೆಲಸದಲ್ಲಿ ಕಂಡೇ ಇರಲಾರಳು. ಭಾರತದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ಮುಗಿಯಿತು. ಆದರೆ ಫಾರಂ ನೋಡಿದ ಕೂಡಲೇ ಮೇಲಿನ ಸಾಲಿಗೆ ಕಣ್ಣು ಹಾಕುವುದು ಅವಳ ರೂಢಿ. ನೀವು ಆ ಸಾಲನ್ನೇ ಬಿಟ್ಟಿದ್ದೀರಿ! ಕಳಿಸಿದ ಕಚೇರಿ, ತಾರೀಖು, ಸಮಯ, ಅದರ ಜೊತೆ ಪದಗಳ ಸಂಖ್ಯೆ ಅಲ್ಲಿರುತ್ತಿತ್ತು. ತಲುಪುವ ಕಚೇರಿಯಲ್ಲಿ ತಂತಿ ಬರೆದುಕೊಂಡವನು ಪದ ಎಣಿಸಿ ಆ ಸಂಖ್ಯೆಗೆ ತಾಳೆ ನೋಡುತ್ತಿದ್ದ. ಒಂದು ಪದ ಕಮ್ಮಿ ಬಂದರೂ ಮತ್ತೆ ಕೇಳಬೇಕಿತ್ತು.

ಮೇಲೆ 11 ಅಂತ ಇದೆ ಅಂದುಕೊಳ್ಳಿ. ವಿಳಾಸ ನಾಲ್ಕು ಪದ, ಸಹಿ ಒಂದು. ಉಳಿದದ್ದು ಆರು. ಟಾರ್ಚಿಗೆ ಸಿಕ್ಕಿದ್ದು ಮೂರೇ: ‘ಮದರ್’, ‘ಬೆಟರ್’, ‘ಕಮ್’. ಮನೆಯವರೆಲ್ಲ ಇಷ್ಟು ದಿನ ‘ಕಮ್’ ಒಂದನ್ನೇ ಓದಿ, ಕರೆದರೂ ಹೋಗದ ಮಗ ಅಂತ ತಾತನನ್ನು ಬೈದಿದ್ದಾರೆ. ಹುಡುಗಿ ಎಣಿಸುತ್ತಾಳೆ. ಮೂರು ಪದ ಕಾಣೆಯಾಗಿವೆ. ‘ಬೆಟರ್’ಗೂ ‘ಕಮ್’ಗೂ ನಡುವೆ ಎರಡು ಚಿಕ್ಕ ಪದದಷ್ಟು ಜಾಗ, ಕೊನೆಯಲ್ಲಿ ಒಂದಕ್ಕೆ. ‘ಮದರ್ ಬೆಟರ್ ಡು ನಾಟ್ ಕಮ್ ನೌ’. ಇದು ಅವಳ ಊಹೆ, ಆದರೆ ಲೆಕ್ಕಕ್ಕೆ ಕೂರುವ ಊಹೆ. ಅನುಮಾನ ಸ್ವಲ್ಪ ಉಳಿಯಲಿ, ಬಿಡಿ. (ವಿಳಾಸಕ್ಕೂ ದುಡ್ಡು ಹಿಡಿಯುತ್ತಿದ್ದ ಕಡೆ ಮಾತ್ರ ಈ ಲೆಕ್ಕ ನಡೆಯುತ್ತದೆ. ನಿಮ್ಮ ಕಥೆಯ ಕಾಲದ, ಜಾಗದ ನಿಯಮ ನೋಡಿಕೊಳ್ಳಿ.)

ನೀವು ಬರೆದ ತಂತಿಯಲ್ಲಿ ನಲವತ್ತು ಪದ, ಎರಡು ಕಡೆ ‘ಪ್ರೀತಿಯ’ ಬೇರೆ. ಪದಕ್ಕಿಷ್ಟು ಅಂತ ದುಡ್ಡು ಕೊಡುವವರು ಹಾಗೆ ಬರೆಯುತ್ತಾರಾ?

ಟ್ರಂಕಿನ ವಾಸನೆಯ ಎರಡು ಪುಟ ಜಾಸ್ತಿಯಾಯಿತು. ಅದನ್ನು ತೆಗೆದು, ಆ ಜಾಗದಲ್ಲಿ ಅವಳನ್ನು ಕೂತು ಎಣಿಸಲು ಬಿಡಿ. ಆಮೇಲೆ ನನಗೇ ಕಳಿಸಿ.